ಹಕ್ಕಿಯ ಮೇಲೆ ಎಷ್ಟು ಚುಕ್ಕಿ?

ಹೇಸ್‌ನಲ್ಲಿ ಇರುವ ನಮಗೆ ಗ್ರ್ಯಾಂಡ್ ಯೂನಿಯನ್ ಕಾಲುವೆ ಹೊಸದೇನಲ್ಲ. ಎಲೆ ಉದುರಿದ ಚಳಿಗಾಲದಲ್ಲಿ ಬುಲ್ಸ್ ಬ್ರಿಡ್ಜ್ ಕಡೆಯ ದಂಡೆಯ ಮೇಲೆ ನಿಧಾನವಾಗಿ ನಡೆದರೆ, ಅದೃಷ್ಟವಿದ್ದ ದಿನ ನೀರಿಗೆ ಬಾಗಿದ ಕೊಂಬೆಯ ಮೇಲೆ ಮಿಂಚುಳ್ಳಿ ಕಾಣಿಸುತ್ತದೆ. ಬೆನ್ನು ಹೊಳೆಯುವ ನೀಲಿ, ಹೊಟ್ಟೆ ಕಿತ್ತಳೆ, ದೇಹಕ್ಕೆ ಹೋಲಿಸಿದರೆ ಉದ್ದವೆನಿಸುವ ಕೊಕ್ಕು. ರಂಗನತಿಟ್ಟಿನಲ್ಲೂ ನಮ್ಮೂರುಗಳ ಕೆರೆಯ ಏರಿಯ ಮೇಲೂ ಕಾಣುವ ಸಣ್ಣ ನೀಲಿ ಮಿಂಚುಳ್ಳಿಯೂ ಇದೂ ಒಂದೇ ಜಾತಿಯವು. ಅಜ್ಜಿ ಊರಿನಲ್ಲಿ ತೋರಿಸಿದ ಹಕ್ಕಿಯನ್ನೇ ಮೊಮ್ಮಗಳು ಇಲ್ಲಿ ನೋಡಬಹುದು.

ನೋಡಿದ ಮೇಲೆ ಫೋಟೊ ತೆಗೆಯದೆ ಇರುವುದುಂಟೇ? ತೆಗೆಯುತ್ತೇವೆ. ಮನೆಗೆ ಬಂದು ನೋಡಿದರೆ ಚಿತ್ರದ ತುಂಬ ನೀರು, ಬೇಲಿ, ಬರಿಗೊಂಬೆ. ನಡುವೆ ಎಲ್ಲೋ ಒಂದು ನೀಲಿ ಕಲೆ. ಆಗ ಕ್ರಾಪ್ ಶುರುವಾಗುತ್ತದೆ. ಒಂದು ಸಲ ಕತ್ತರಿಸುತ್ತೇವೆ, ಹಕ್ಕಿ ಸ್ವಲ್ಪ ದೊಡ್ಡದಾಗುತ್ತದೆ. ಇನ್ನೊಂದು ಸಲ ಕತ್ತರಿಸುತ್ತೇವೆ, ಇನ್ನಷ್ಟು ದೊಡ್ಡದಾಗುತ್ತದೆ. ಕೊನೆಗೆ ಪರದೆಯ ತುಂಬ ಹಕ್ಕಿ ಇರುತ್ತದೆ, ಆದರೆ ಅದರಲ್ಲಿ ಹಕ್ಕಿತನವೇ ಉಳಿದಿರುವುದಿಲ್ಲ.

ಹಾಗಾದರೆ ಎಷ್ಟರ ಮಟ್ಟಿಗೆ ಕತ್ತರಿಸಬಹುದು? "ಅರ್ಧಕ್ಕಿಂತ ಹೆಚ್ಚು ಕತ್ತರಿಸಬೇಡಿ" ಎನ್ನುವ ಉತ್ತರ ಎಲ್ಲೆಡೆ ಕೇಳಿಬರುತ್ತದೆ. ಅದು ಪ್ರಯೋಜನಕ್ಕೆ ಬಾರದ ಉತ್ತರ ಎಂದು ನನ್ನ ಅಭಿಪ್ರಾಯ. ಚಿತ್ರದಲ್ಲಿ ಎಷ್ಟು ಪಾಲನ್ನು ಎಸೆದಿರಿ ಎನ್ನುವುದು ಮುಖ್ಯವಲ್ಲ. ಹಕ್ಕಿಯ ಮೇಲೆ ಎಷ್ಟು ಚುಕ್ಕಿ ಬಿದ್ದಿತ್ತು ಎನ್ನುವುದು ಮುಖ್ಯ. ಆ ಲೆಕ್ಕ ಬಟನ್ ಒತ್ತಿದ ಕ್ಷಣದಲ್ಲೇ ಮುಗಿದುಹೋಗಿರುತ್ತದೆ. ಆಮೇಲೆ ಕತ್ತರಿಸುವುದರಿಂದ ಅದು ಒಂದು ಚುಕ್ಕಿಯಷ್ಟೂ ಹೆಚ್ಚುವುದಿಲ್ಲ.

ರಂಗೋಲಿಯ ಲೆಕ್ಕ

ಚುಕ್ಕಿ ಎಂದರೆ ಇಲ್ಲಿ ಪಿಕ್ಸೆಲ್. ಇದನ್ನು ಅರ್ಥಮಾಡಿಕೊಳ್ಳಲು ರಂಗೋಲಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹದಿನೈದು ಚುಕ್ಕಿ ಹದಿನೈದು ಸಾಲು ಇಟ್ಟರೆ ನವಿಲು ಬರುತ್ತದೆ, ಅದಕ್ಕೆ ಗರಿಯೂ ಬರುತ್ತದೆ. ಅದೇ ಅಂಗಳದಲ್ಲಿ ಮೂರು ಚುಕ್ಕಿ ಮೂರು ಸಾಲು ಮಾತ್ರ ಇಟ್ಟರೆ ಒಂದು ಪುಟ್ಟ ಹೂವು ಬಂದರೆ ಹೆಚ್ಚು. ಈಗ ಹದಿನೈದರ ರಂಗೋಲಿಯ ಒಂದು ಮೂಲೆಯಿಂದ ಮೂರು ಸಾಲನ್ನು ಕತ್ತರಿಸಿ ತೆಗೆದು, ಅದನ್ನು ಅಂಗಳದಷ್ಟು ದೊಡ್ಡದಾಗಿ ಎಳೆದರೆ ಏನಾಗುತ್ತದೆ? ಚುಕ್ಕಿಗಳ ನಡುವಿನ ಅಂತರ ಹಿಗ್ಗುತ್ತದೆ, ಅಷ್ಟೇ. ಹೊಸ ಚುಕ್ಕಿ ಹುಟ್ಟುವುದಿಲ್ಲ.

ಕ್ರಾಪ್ ಮಾಡುವುದೂ ಹಾಗೆಯೇ. ಅದು ಹಕ್ಕಿಯನ್ನು ಹತ್ತಿರ ತರುವುದಿಲ್ಲ, ಸುತ್ತಲಿನದನ್ನು ಎಸೆಯುತ್ತದೆ. ಫೋನ್‌ನ ಪರದೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ತೆಗೆಯುವ ಡಿಜಿಟಲ್ ಜೂಮ್ ಕೂಡ ಬಹುಮಟ್ಟಿಗೆ ಕ್ರಾಪ್‌ನ ಇನ್ನೊಂದು ಹೆಸರು. ಮೊದಲೇ ಕತ್ತರಿಸಿ ಆಮೇಲೆ ಬಟನ್ ಒತ್ತುತ್ತೇವೆ, ಅಷ್ಟೇ ವ್ಯತ್ಯಾಸ.

ಕಾಲುವೆಯ ಮಿಂಚುಳ್ಳಿಯ ಲೆಕ್ಕ ಹಾಕೋಣ

ಮಕ್ಕಳೇ, ಒಂದು ಕಾಗದ ತೆಗೆದುಕೊಳ್ಳಿ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮಿಂಚುಳ್ಳಿ ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 16 ಸೆಂಟಿಮೀಟರ್ ಉದ್ದ. ಅಂದರೆ ನಿಮ್ಮ ಪೆನ್ಸಿಲ್‌ಗಿಂತ ಚಿಕ್ಕದು. ಅದು ನಮ್ಮಿಂದ 20 ಮೀಟರ್ ದೂರದಲ್ಲಿ, ಆಚೆ ದಡದ ಕೊಂಬೆಯ ಮೇಲೆ ಪಕ್ಕಕ್ಕೆ ತಿರುಗಿ ಕೂತಿದೆ ಎಂದುಕೊಳ್ಳಿ.

ಮೊದಲು ಫೋನ್. ಸಾಮಾನ್ಯ ಫೋನ್‌ನ ಮುಖ್ಯ ಕ್ಯಾಮೆರಾವನ್ನು ಜೂಮ್ ಮಾಡದೆ ಹಿಡಿದರೆ, 20 ಮೀಟರ್ ದೂರದಲ್ಲಿ ಸುಮಾರು 26 ಮೀಟರ್ ಅಗಲದ ದೃಶ್ಯ ಅದರೊಳಗೆ ಬರುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲಕ್ಕೆ ಸುಮಾರು 4000 ಚುಕ್ಕಿ. 4000ವನ್ನು 26ರಿಂದ ಭಾಗಿಸಿದರೆ ಒಂದು ಮೀಟರಿಗೆ ಸುಮಾರು 154 ಚುಕ್ಕಿ. ನಮ್ಮ ಹಕ್ಕಿ ಮೀಟರಿನಲ್ಲಿ 0.16 ಮಾತ್ರ. ಗುಣಿಸಿದರೆ ಉತ್ತರ ಸುಮಾರು 25. ಇಡೀ ಮಿಂಚುಳ್ಳಿಗೆ, ಕೊಕ್ಕಿನಿಂದ ಬಾಲದವರೆಗೆ, ಇಪ್ಪತ್ತೈದು ಚುಕ್ಕಿ! ದೊಡ್ಡ ಹಬ್ಬದ ರಂಗೋಲಿಯ ಒಂದು ಸಾಲಿನಲ್ಲಿ ಇರುವಷ್ಟು.

"ನಮ್ಮ ಫೋನ್ 48 ಮೆಗಾಪಿಕ್ಸೆಲ್" ಎಂದು ಯಾರಾದರೂ ಹೇಳಬಹುದು. ಅಂಥ ಎಷ್ಟೋ ಫೋನ್‌ಗಳು ಸಾಮಾನ್ಯವಾಗಿ ನಾಲ್ಕು ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿಯೇ ಚಿತ್ರ ಉಳಿಸುತ್ತವೆ. ಪೂರ್ತಿ 48ನ್ನೂ ಉಳಿಸಿದರೂ ಹಕ್ಕಿಯ ಉದ್ದಕ್ಕೆ ಸಿಗುವುದು ಎರಡರಷ್ಟು, ಅಂದರೆ 50. ನಾಲ್ಕರಷ್ಟಲ್ಲ. ಚುಕ್ಕಿಗಳು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುವುದೇ ಇದಕ್ಕೆ ಕಾರಣ. ಫೋನ್‌ನಲ್ಲಿ ದೂರದ ನೋಟಕ್ಕೆಂದೇ ಬೇರೆ ಲೆನ್ಸ್ ಇದ್ದು ಅದು 5 ಪಟ್ಟಿನದಾಗಿದ್ದರೆ, ಮತ್ತು ಅದೂ 12 ಮೆಗಾಪಿಕ್ಸೆಲ್ ಚಿತ್ರ ಕೊಡುವುದಾದರೆ, ಹಕ್ಕಿಗೆ ಸುಮಾರು 120 ಚುಕ್ಕಿ ಸಿಗುತ್ತದೆ. ಇದು ನಿಜವಾದ ಲಾಭ, ಏಕೆಂದರೆ ಇಲ್ಲಿ ಕತ್ತರಿಸುತ್ತಿರುವುದು ತಂತ್ರಾಂಶವಲ್ಲ, ಹಿಗ್ಗಿಸುತ್ತಿರುವುದು ಗಾಜು.

ಈಗ ಕ್ಯಾಮೆರಾ. ಹಕ್ಕಿ ನೋಡುವವರು ಬಳಸುವ 400 ಮಿಲಿಮೀಟರ್ ಲೆನ್ಸ್, ಅದರ ಹಿಂದೆ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ ಇದೆ ಎನ್ನೋಣ. 20 ಮೀಟರ್ ದೂರದಲ್ಲಿ ಇದಕ್ಕೆ ಕಾಣುವುದು ಸುಮಾರು 1.2 ಮೀಟರ್ ಅಗಲದ ದೃಶ್ಯ ಮಾತ್ರ. ಚಿತ್ರದ ಅಗಲಕ್ಕೆ 6000 ಚುಕ್ಕಿ. 6000ವನ್ನು 1.2ರಿಂದ ಭಾಗಿಸಿದರೆ ಮೀಟರಿಗೆ 5000 ಚುಕ್ಕಿ. ಅದನ್ನು 0.16ರಿಂದ ಗುಣಿಸಿದರೆ ಹಕ್ಕಿಗೆ 800 ಚುಕ್ಕಿ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ನಿರ್ದಯವಾದದ್ದು ದೂರ. ಹಕ್ಕಿ 40 ಮೀಟರಿಗೆ ಹಾರಿ ಕೂತರೆ 800 ಇದ್ದದ್ದು 400 ಆಗುತ್ತದೆ. 80 ಮೀಟರಿಗೆ ಹೋದರೆ 200. ಉದ್ದದ ಜೊತೆ ಎತ್ತರವೂ ಅರ್ಧವಾಗುವುದರಿಂದ, ದೂರ ಎರಡು ಪಟ್ಟಾದಾಗ ಹಕ್ಕಿಯ ಮೈಮೇಲಿನ ಒಟ್ಟು ಚುಕ್ಕಿಗಳು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತವೆ.

"ಅರ್ಧಕ್ಕಿಂತ ಹೆಚ್ಚು ಬೇಡ" ಎನ್ನುವ ನಿಯಮ ಎಲ್ಲಿ ಮುರಿಯುತ್ತದೆ ಎಂದು ಈಗ ನೋಡಿ. 40 ಮೀಟರ್ ದೂರದ ಮಿಂಚುಳ್ಳಿಯನ್ನು ಈ ಕ್ಯಾಮೆರಾದಲ್ಲಿ ಹಿಡಿದು, ಅಗಲ 1000 ಚುಕ್ಕಿ ಉಳಿಯುವಂತೆ ಕತ್ತರಿಸಿದರೆ, ನಾವು ಮೂಲ ಚಿತ್ರದ ಮೂವತ್ತಾರನೇ ಒಂದು ಪಾಲನ್ನು ಮಾತ್ರ ಇಟ್ಟುಕೊಂಡಂತೆ. ಆದರೂ ಅದರಲ್ಲಿ 400 ಚುಕ್ಕಿಯ ಹಕ್ಕಿ ಇದೆ, ಫೋನ್ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಅತ್ತ ಫೋನ್‌ನ ಮುಖ್ಯ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಅರ್ಧ ಮಾತ್ರ ಕತ್ತರಿಸಿದರೂ ಹಕ್ಕಿಯ ಮೇಲೆ ಇರುವುದು ಅದೇ 25 ಚುಕ್ಕಿ. ಒಬ್ಬರು ನಿಯಮ ಮುರಿದು ಗೆದ್ದರು, ಇನ್ನೊಬ್ಬರು ನಿಯಮ ಪಾಲಿಸಿಯೂ ಸೋತರು.

ಗಂಡೋ ಹೆಣ್ಣೋ?

ಸರಿ, ಚುಕ್ಕಿ ಎಣಿಸಿದೆವು. ಎಷ್ಟಿದ್ದರೆ ಸಾಕು? ಇದಕ್ಕೆ ಒಂದೇ ಸಂಖ್ಯೆ ಇಲ್ಲ. ಚಿತ್ರದಿಂದ ನಾವು ಏನು ತಿಳಿಯಬೇಕು ಎನ್ನುವುದರ ಮೇಲೆ ಅದು ನಿಂತಿದೆ. ಮಿಂಚುಳ್ಳಿಯಲ್ಲಿ ಇದಕ್ಕೆ ಸೊಗಸಾದ ಪರೀಕ್ಷೆಯೊಂದಿದೆ.

ಗಂಡು ಮಿಂಚುಳ್ಳಿಯ ಕೊಕ್ಕು ಬಹುತೇಕ ಪೂರ್ತಿ ಕಪ್ಪು. ಹೆಣ್ಣಿನ ಕೊಕ್ಕಿನ ಕೆಳಭಾಗ ಕೆಂಪು ಕಿತ್ತಳೆ. ಹೆಣ್ಣು ತುಟಿಗೆ ಬಣ್ಣ ಹಚ್ಚಿಕೊಂಡಿದೆ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಈ ಕೆಳಕೊಕ್ಕಿನ ದಪ್ಪ ಬುಡದ ಹತ್ತಿರ ಸುಮಾರು 4 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಇಡೀ ಹಕ್ಕಿಗೆ ಎಷ್ಟು ಚುಕ್ಕಿ ಎನ್ನುವುದಲ್ಲ. ಈ 4 ಮಿಲಿಮೀಟರಿಗೆ ಎಷ್ಟು ಚುಕ್ಕಿ ಎನ್ನುವುದು.

ಕ್ಯಾಮೆರಾದಲ್ಲಿ, 20 ಮೀಟರಿನಲ್ಲಿ, ಮಿಲಿಮೀಟರಿಗೆ 5 ಚುಕ್ಕಿ ಇತ್ತು. ಹಾಗಾಗಿ ಕೆಳಕೊಕ್ಕಿನ ದಪ್ಪಕ್ಕೆ 20 ಚುಕ್ಕಿ. ಬಣ್ಣ ಎದ್ದು ಕಾಣುತ್ತದೆ, ಅದು ಎಲ್ಲಿ ಮುಗಿದು ಕಪ್ಪು ಶುರುವಾಗುತ್ತದೆ ಎನ್ನುವುದೂ ಕಾಣುತ್ತದೆ. 40 ಮೀಟರಿನಲ್ಲಿ 10 ಚುಕ್ಕಿ. ಇನ್ನೂ ಧೈರ್ಯವಾಗಿ ಹೇಳಬಹುದು. 80 ಮೀಟರಿನಲ್ಲಿ 5 ಚುಕ್ಕಿ. ಬೆಳಕು ಚೆನ್ನಾಗಿದ್ದರೆ ಹೇಳಬಹುದು, ಇಲ್ಲದಿದ್ದರೆ ಬರೀ ಊಹೆ. 20 ಮೀಟರಿನಲ್ಲಿ ಫೋನ್‌ನ 5 ಪಟ್ಟಿನ ಲೆನ್ಸ್‌ನಲ್ಲಿ ಸುಮಾರು 3 ಚುಕ್ಕಿ, ಅದು ಗಡಿ. ಅದೇ ದೂರದಲ್ಲಿ ಫೋನ್‌ನ ಮುಖ್ಯ ಕ್ಯಾಮೆರಾದಲ್ಲಿ ಒಂದು ಚುಕ್ಕಿಗಿಂತಲೂ ಕಡಿಮೆ. ಅಲ್ಲಿ ಕೊಕ್ಕಿನ ಕೆಂಪು ಹಿಂದಿನ ನೀರಿನ ಬಣ್ಣದೊಂದಿಗೆ ಬೆರೆತು ಒಂದೇ ಚುಕ್ಕಿಯಲ್ಲಿ ಕರಗಿಹೋಗಿದೆ. ಎಷ್ಟು ಹಿಗ್ಗಿಸಿದರೂ ಅದು ವಾಪಸ್ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಒಂದೊಂದು ಚುಕ್ಕಿ ಒಂದೊಂದೇ ಬಣ್ಣವನ್ನು ಅಳೆಯುತ್ತದೆ. ಸೆನ್ಸರಿನ ಮೇಲೆ ಹಸಿರು, ಕೆಂಪು, ನೀಲಿ ಬಣ್ಣದ ಪುಟ್ಟ ಚೌಕಗಳನ್ನು ಚದುರಂಗದ ಮಣೆಯಂತೆ ಜೋಡಿಸಿರುತ್ತಾರೆ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿಧಾನ ಇದು. ಇದರಲ್ಲಿ ಅರ್ಧ ಚೌಕಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಪ್ರತಿ ಚುಕ್ಕಿಯಲ್ಲಿ ಕಾಣೆಯಾದ ಎರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕಿ ತುಂಬುತ್ತದೆ. ಹಾಗಾಗಿ ಎರಡು ಮೂರು ಚುಕ್ಕಿ ದಪ್ಪದ ಕೆಂಪು ಗೆರೆಯ ಮೇಲೆ ನಿಜವಾಗಿ ಕೆಂಪನ್ನು ಅಳೆದ ಚುಕ್ಕಿಗಳು ಬೆರಳೆಣಿಕೆಯಷ್ಟು. ಉಳಿದದ್ದು ಲೆಕ್ಕದಿಂದ ಬಂದದ್ದು, ಮತ್ತು ಆ ಲೆಕ್ಕ ಅಂಚುಗಳಲ್ಲಿ ತಪ್ಪುವುದುಂಟು. ಕೊಕ್ಕಿನ ಅಂಚಿನಲ್ಲಿ ಇಲ್ಲದ ಕೆಂಪು ಮೂಡಬಹುದು, ಇದ್ದ ಕೆಂಪು ಮಾಸಬಹುದು. ಆದ್ದರಿಂದ ಬಣ್ಣ ನೋಡಿ ಏನನ್ನಾದರೂ ನಿರ್ಧರಿಸಬೇಕಾದರೆ, ಆ ಗುರುತಿನ ಅತಿ ಸಣ್ಣ ಅಳತೆಗೆ ಕನಿಷ್ಠ 5 ಚುಕ್ಕಿ ಇರಲಿ ಎನ್ನುವುದು ನನ್ನ ನಿಯಮ. ಅದಕ್ಕಿಂತ ಕಡಿಮೆಯಿದ್ದರೆ "ಗೊತ್ತಾಗುತ್ತಿಲ್ಲ" ಎಂದು ಬರೆಯುವುದೇ ಸರಿಯಾದ ಉತ್ತರ.

ಈ ಒಂದು ಉದಾಹರಣೆಯಿಂದ ಉಳಿದದ್ದನ್ನೂ ಅಂದಾಜು ಮಾಡಬಹುದು. ಪಕ್ಕಕ್ಕೆ ಕೂತ ಹಕ್ಕಿಯ ಉದ್ದಕ್ಕೆ 50 ಚುಕ್ಕಿಗಿಂತ ಕಡಿಮೆ ಇದ್ದರೆ ಆಕಾರ ಮತ್ತು ಬಣ್ಣ ಮಾತ್ರ ಉಳಿದಿರುತ್ತವೆ. ಮಿಂಚುಳ್ಳಿಯಂಥ ಎದ್ದುಕಾಣುವ ಹಕ್ಕಿಯಾದರೆ ಹೆಸರು ಹೇಳಲು ಅದೇ ಸಾಕು. ಒಂದೇ ತೆರನಾಗಿ ಕಾಣುವ ಕಂದು ಹಕ್ಕಿಗಳಾದರೆ ಸಾಲದು. 150ರ ಆಸುಪಾಸಿನಲ್ಲಿ ಕಣ್ಣು, ಕೊಕ್ಕು, ಕೆನ್ನೆಯ ಬಿಳಿ ಮಚ್ಚೆ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. 400ಕ್ಕೆ ಬಂದರೆ ನಮ್ಮ ಇ-ಪತ್ರಿಕೆಯ ಪುಟಕ್ಕೆ ಒಳ್ಳೆಯ ಚಿತ್ರ. 800ರಲ್ಲಿ ಗರಿಗಳ ಅಂಚು ಕಾಣುತ್ತದೆ. ಇವು ಮಿಂಚುಳ್ಳಿಯ ಗಾತ್ರದ ಹಕ್ಕಿಗೆ ನಾನು ಇಟ್ಟುಕೊಂಡಿರುವ ಗಡಿಗಳು. ಅಳತೆಪಟ್ಟಿಯಲ್ಲಿ ಕೊರೆದ ಗೆರೆಗಳಲ್ಲ.

ಗೋಡೆಗೆ ಹಾಕುವುದಾದರೆ ಲೆಕ್ಕ ಬೇರೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಒಂದು ಇಂಚಿಗೆ ಸುಮಾರು 200 ಚುಕ್ಕಿ ಇದ್ದರೆ ಚೆನ್ನ. ಆ ಲೆಕ್ಕದಲ್ಲಿ 400 ಚುಕ್ಕಿಯ ಹಕ್ಕಿ ಕಾಗದದ ಮೇಲೆ 2 ಇಂಚು, ಅಂದರೆ 5 ಸೆಂಟಿಮೀಟರ್ ಇರಬಹುದು. 800 ಚುಕ್ಕಿಯದು 10 ಸೆಂಟಿಮೀಟರ್. ಗಮನಿಸಿ, ನಿಜವಾದ ಹಕ್ಕಿಯೇ 16 ಸೆಂಟಿಮೀಟರ್. ಆಚೆ ದಡದ ಮಿಂಚುಳ್ಳಿಯನ್ನು ಅದರ ನಿಜ ಗಾತ್ರಕ್ಕೆ ಮುದ್ರಿಸಲೂ ನಮ್ಮ ಒಳ್ಳೆಯ ಕ್ಯಾಮೆರಾದ ಚುಕ್ಕಿಗಳು ಸ್ವಲ್ಪ ಎಳೆದಾಡಬೇಕಾಗುತ್ತದೆ. ಎ4 ಹಾಳೆಯ ತುಂಬ ಹಕ್ಕಿ ಬೇಕು ಎಂದು ಆಸೆಪಡುವ ಮೊದಲು ಇದು ನೆನಪಿರಲಿ.

ಚುಕ್ಕಿ ಇದ್ದರೂ ಪೊಳ್ಳಾಗಿರಬಹುದು

ಇಲ್ಲಿಯವರೆಗೆ ಪ್ರತಿ ಚುಕ್ಕಿಯೂ ನಿಜವಾದ ವಿವರ ಹೊತ್ತಿದೆ ಎಂದು ನಂಬಿಕೊಂಡು ಲೆಕ್ಕ ಹಾಕಿದೆವು. ಎಲ್ಲ ಸಲವೂ ಹಾಗಿರುವುದಿಲ್ಲ. ಕೈ ಅಲುಗಿದ್ದರೆ, ಫೋಕಸ್ ಹಕ್ಕಿಯ ಬದಲು ಹಿಂದಿನ ಜೊಂಡಿನ ಮೇಲೆ ಬಿದ್ದಿದ್ದರೆ, ಬೇಸಿಗೆಯ ಮಧ್ಯಾಹ್ನ ಬಿಸಿ ನೆಲದ ಮೇಲಿನ ಗಾಳಿ ಕುಣಿಯುತ್ತಿದ್ದರೆ, ಅಕ್ಕಪಕ್ಕದ ಚುಕ್ಕಿಗಳೆಲ್ಲ ಒಂದೇ ಮಾತನ್ನು ಹೇಳುತ್ತಿರುತ್ತವೆ. ಹಾರುವ ಹಕ್ಕಿಯಲ್ಲಿ ಇದು ಇನ್ನೂ ಹೆಚ್ಚು. ಮಿಂಚುಳ್ಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರಿತು, ನಾವು ಕ್ಯಾಮೆರಾವನ್ನು ಅದರ ಜೊತೆ ತಿರುಗಿಸಲಿಲ್ಲ ಎನ್ನೋಣ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲೇ ಅದು 10 ಮಿಲಿಮೀಟರ್ ಮುಂದೆ ಹೋಗಿರುತ್ತದೆ. 20 ಮೀಟರ್ ದೂರದಲ್ಲಿ ಅದು 50 ಚುಕ್ಕಿಗಳ ಉದ್ದದ ಮಸುಕು. 800 ಚುಕ್ಕಿ ಇದ್ದೂ ಕೊಕ್ಕಿನ ಕೆಂಪು ಕಾಣದು.

ಇನ್ನೊಂದು ಕಾರಣ ಕಾಳುಕಾಳಾದ ಗದ್ದಲ, ಅಂದರೆ ನಾಯ್ಸ್. ಲಂಡನ್ನಿನ ಚಳಿಗಾಲದ ಬೂದು ಬೆಳಕಿನಲ್ಲಿ ಕ್ಯಾಮೆರಾ ಐಎಸ್‌ಒ ಏರಿಸುತ್ತದೆ, ಚುಕ್ಕಿಗಳ ಬಣ್ಣ ಅಲ್ಲಲ್ಲಿ ಏರುಪೇರಾಗುತ್ತದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಅದು ಕಾಣುವುದಿಲ್ಲ. ಅಲ್ಲಿ 6000 ಅಗಲದ ಚಿತ್ರವನ್ನು ಇಳಿಸಿ ತೋರಿಸುವಾಗ ಹಲವು ಚುಕ್ಕಿಗಳ ಸರಾಸರಿ ಒಂದಾಗಿ, ಏರುಪೇರು ಸಮವಾಗಿಬಿಡುತ್ತದೆ. 16 ಚುಕ್ಕಿಗಳ ಸರಾಸರಿ ತೆಗೆದರೆ ಗದ್ದಲ ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಬಿಗಿಯಾಗಿ ಕತ್ತರಿಸಿದಾಗ ಆ ಸರಾಸರಿಯ ಸೌಲಭ್ಯವನ್ನು ನಾವೇ ಕೈಬಿಟ್ಟಂತೆ. "ಅಲ್ಲಿ ಚೆನ್ನಾಗಿತ್ತು, ಇಲ್ಲಿ ಯಾಕೆ ಹೀಗೆ?" ಎನ್ನುವ ಪ್ರಶ್ನೆಗೆ ಇದು ಉತ್ತರ.

ಚುಕ್ಕಿಗಳು ಗಟ್ಟಿಯೋ ಪೊಳ್ಳೋ ಎಂದು ಮಕ್ಕಳೂ ಮನೆಯಲ್ಲೇ ಪರೀಕ್ಷಿಸಬಹುದು. ಕತ್ತರಿಸಿದ ಚಿತ್ರದ ಒಂದು ಪ್ರತಿ ಮಾಡಿಕೊಳ್ಳಿ. ಅದು 1000 ಅಗಲವಿದ್ದರೆ ಅಳತೆ ಬದಲಿಸುವ ಯಾವುದೇ ತಂತ್ರಾಂಶದಲ್ಲಿ 500ಕ್ಕೆ ಇಳಿಸಿ ಉಳಿಸಿ. ಈಗ ಆ 500ನ್ನು ಮತ್ತೆ 1000ಕ್ಕೆ ಹಿಗ್ಗಿಸಿ. ಮೂಲವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಹಕ್ಕಿಯ ಕಣ್ಣು ಮತ್ತು ಕೊಕ್ಕನ್ನು ನೋಡಿ. ಮೂಲದಲ್ಲಿ ಕಣ್ಣಿನ ಹೊಳಪಿನ ಬಿಂದು ಚೂಪಾಗಿದ್ದು, ಇಳಿಸಿ ಏರಿಸಿದ್ದರಲ್ಲಿ ಮಸುಕಾಗಿದ್ದರೆ, ನಿಮ್ಮ ಚುಕ್ಕಿಗಳು ಗಟ್ಟಿ. ಎರಡಕ್ಕೂ ವ್ಯತ್ಯಾಸವೇ ಕಾಣದಿದ್ದರೆ, ಆ ಚಿತ್ರದಲ್ಲಿ ನಿಜವಾಗಿ ಇದ್ದದ್ದು 500 ಅಗಲದಷ್ಟು ವಿವರ ಮಾತ್ರ. ಆಗ 500ರಿಂದ 250ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಿ. ವ್ಯತ್ಯಾಸ ಕಾಣುವ ಹಂತದಲ್ಲಿ ನಿಲ್ಲಿಸಿ, ಆ ಅಳತೆಯಲ್ಲೇ ಚಿತ್ರವನ್ನು ತೋರಿಸಿ. ಚಿಕ್ಕದಾಗಿ ತೋರಿಸಿದ ಚೂಪಾದ ಹಕ್ಕಿ, ದೊಡ್ಡದಾಗಿ ತೋರಿಸಿದ ಮಸುಕು ಹಕ್ಕಿಗಿಂತ ಹೆಚ್ಚು ಹೇಳುತ್ತದೆ.

ಪೋಷಕರಿಗೆ ಒಂದು ಎಚ್ಚರಿಕೆ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಊರಿಗೆ ಕಳಿಸಿ, "ಹಿಗ್ಗಿಸಿ ನೋಡಿ" ಎನ್ನುವುದು ನಮ್ಮ ಅಭ್ಯಾಸ. ಅಂಥ ಆ್ಯಪ್‌ಗಳು ಕಳಿಸುವ ಮೊದಲು ಚಿತ್ರವನ್ನು ಕುಗ್ಗಿಸುತ್ತವೆ. 6000 ಅಗಲದ್ದು 1600ಕ್ಕೆ ಇಳಿದರೆ, 800 ಚುಕ್ಕಿಯ ಹಕ್ಕಿ ಸುಮಾರು 210ಕ್ಕೆ ಇಳಿದಂತೆ. ಅಲ್ಲಿ ಅಜ್ಜ ಎಷ್ಟು ಹಿಗ್ಗಿಸಿದರೂ ಕೊಕ್ಕಿನ ಬಣ್ಣ ಕಾಣದೆ, ಕನ್ನಡಕ ಬದಲಿಸಬೇಕೇನೋ ಎಂದುಕೊಳ್ಳುತ್ತಾರೆ. ಹಾಗಾಗಿ ಮೊದಲು ಕತ್ತರಿಸಿ, ಆಮೇಲೆ ಕಳಿಸಿ. ಅಥವಾ ಫೋಟೊ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಕಳಿಸಿ. ಹಿಗ್ಗಿಸಿ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದಂತೂ ಬೇಡವೇ ಬೇಡ. ಅದರಲ್ಲಿ ಪರದೆಯ ಚುಕ್ಕಿಗಳು ಬರುತ್ತವೆ, ಹಕ್ಕಿಯ ಚುಕ್ಕಿಗಳಲ್ಲ.

ಹಾಗಾದರೆ ಹತ್ತಿರ ಹೋಗೋಣವೇ?

ಇಷ್ಟು ಓದಿದವರು ಸಹಜವಾಗಿ ಹೀಗೆ ಕೇಳುತ್ತಾರೆ: ದೂರವೇ ಶತ್ರುವಾದರೆ ಹತ್ತಿರ ಹೋದರಾಯಿತಲ್ಲ? ಲೆಕ್ಕದ ಪ್ರಕಾರ ಸರಿ. 20 ಮೀಟರನ್ನು 10 ಮಾಡಿದರೆ ಚುಕ್ಕಿ ಎರಡರಷ್ಟು. ಬಿಗಿಯಾದ ಕ್ರಾಪ್‌ನ ಮೋಹ ನನಗೆ ಆತಂಕ ತರುವುದು ಇಲ್ಲಿಯೇ. ಪರದೆ ತುಂಬಿದ ಹಕ್ಕಿಯೇ ಒಳ್ಳೆಯ ಚಿತ್ರ ಎಂದು ಮಕ್ಕಳ ಮನಸ್ಸಿನಲ್ಲಿ ಕೂತರೆ, ಮುಂದಿನ ಹೆಜ್ಜೆ ಪೊದೆಯೊಳಗೆ ಬೀಳುತ್ತದೆ.

ಮಿಂಚುಳ್ಳಿ ನದಿ, ಕಾಲುವೆಗಳ ಮಣ್ಣಿನ ದಂಡೆಯಲ್ಲಿ ಸುರಂಗ ಕೊರೆದು ಮೊಟ್ಟೆಯಿಡುವ ಹಕ್ಕಿ. ಈ ದೇಶದ 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿ ಅದರ ಹೆಸರಿದೆ. ಗೂಡು ಕಟ್ಟುತ್ತಿರುವಾಗ, ಗೂಡಿನಲ್ಲಿ ಅಥವಾ ಗೂಡಿನ ಹತ್ತಿರ ಇರುವಾಗ ಅದಕ್ಕೆ ಬೇಕೆಂದೇ ಅಥವಾ ಲೆಕ್ಕಿಸದೆ ತೊಂದರೆ ಕೊಡುವುದು ಅಪರಾಧ. ಹೆತ್ತ ಹಕ್ಕಿ ಬಾಯಲ್ಲಿ ಮೀನು ಹಿಡಿದು ನಮಗೆ ಹೆದರಿ ಕೊಂಬೆಯ ಮೇಲೇ ಕೂತಿದ್ದರೆ, ಸುರಂಗದೊಳಗಿನ ಮರಿಗಳು ಅಷ್ಟು ಹೊತ್ತು ಹಸಿದಿರುತ್ತವೆ. ನಮ್ಮ ಚಿತ್ರದಲ್ಲಿ ಮಾತ್ರ "ಮೀನು ಹಿಡಿದ ಮಿಂಚುಳ್ಳಿ" ಚೆಂದ ಕಾಣುತ್ತದೆ.

ಆದ್ದರಿಂದ ಹತ್ತಿರ ಹೋಗುವ ಕೆಲಸವನ್ನು ಹಕ್ಕಿಗೇ ಬಿಡುವುದು ಒಳ್ಳೆಯದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಫಿಲ್ಮ್ ಕಾಲದಲ್ಲಿ ಹಕ್ಕಿಗಳ ಚಿತ್ರ ತೆಗೆದವರು. "ಮಿಂಚುಳ್ಳಿ" ಎಂಬ ಹೆಸರಿನದೇ ಪುಸ್ತಕ ಅವರದಿದೆ. ಆಗ ತೆಗೆದ ತಕ್ಷಣ ಹಿಗ್ಗಿಸಿ ನೋಡುವ ಪರದೆಯೇ ಇರಲಿಲ್ಲ. ಮರೆಯಲ್ಲಿ ಕೂತು ಕಾಯುವುದೇ ಆ ಕಾಲದವರ ಜೂಮ್. ಮಿಂಚುಳ್ಳಿಗೆ ಮೀನು ಹಿಡಿಯಲು ಮೆಚ್ಚಿನ ಕೊಂಬೆಗಳಿರುತ್ತವೆ, ಅದು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ಗೂಡಿನ ಕಾಲವಲ್ಲದಾಗ, ಎಲ್ಲರೂ ನಡೆಯುವ ಹಾದಿಯಲ್ಲೇ, ಅಂಥ ಕೊಂಬೆಗೆ ಎದುರಾಗಿ ಅರ್ಧ ಗಂಟೆ ಅಲ್ಲಾಡದೆ ನಿಂತರೆ 40 ಮೀಟರ್ ತಾನಾಗಿ 20 ಆಗಬಹುದು. ಆಗದಿದ್ದರೆ 40ರಲ್ಲೇ ತೆಗೆಯಿರಿ, 40ಕ್ಕೆ ತಕ್ಕಷ್ಟೇ ಕತ್ತರಿಸಿ.

"ಇಷ್ಟೆಲ್ಲ ಲೆಕ್ಕ ಹಾಕಿದರೆ ಮಕ್ಕಳಿಗೆ ಖುಷಿಯೇ ಹೊರಟುಹೋಗುತ್ತದೆ, ಮಸುಕಾದರೇನು, ಅದು ಅವರು ನೋಡಿದ ಹಕ್ಕಿಯಲ್ಲವೇ" ಎಂಬ ಮಾತನ್ನೂ ಕೇಳಿದ್ದೇನೆ. ಆ ಮಾತಿನ ಅರ್ಧವನ್ನು ಒಪ್ಪುತ್ತೇನೆ. 25 ಚುಕ್ಕಿಯ ಮಿಂಚುಳ್ಳಿಯ ಚಿತ್ರವೂ ದಾಖಲೆಯೇ. ಇಂಥ ದಿನ, ಇಂಥ ಸೇತುವೆಯ ಹತ್ತಿರ ಮಿಂಚುಳ್ಳಿ ಇತ್ತು ಎಂದು ಹೇಳಲು ಅದಕ್ಕಿಂತ ಹೆಚ್ಚು ಬೇಕಿಲ್ಲ. ಅದನ್ನು ಅಳಿಸಬೇಡಿ. ಒಪ್ಪದ ಅರ್ಧ ಇದು: ಆ 25 ಚುಕ್ಕಿಯನ್ನು ಪುಟದ ತುಂಬ ಹಿಗ್ಗಿಸಿ, ತಂತ್ರಾಂಶದಿಂದ ಚೂಪು ಮಾಡಿ, ಕೆಳಗೆ "ಹೆಣ್ಣು ಮಿಂಚುಳ್ಳಿ" ಎಂದು ಬರೆದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಕಂಡದ್ದಕ್ಕೆ ಕಾಣದ್ದನ್ನು ಸೇರಿಸಿದ ಹಾಗಾಗುತ್ತದೆ. ಅದೇ ಚಿತ್ರವನ್ನು ಕತ್ತರಿಸದೆ ಇಟ್ಟರೆ ಅದರಲ್ಲಿ ಕಾಲುವೆ ಇದೆ, ಕಟ್ಟಿಹಾಕಿದ ನ್ಯಾರೋಬೋಟ್ ಇದೆ, ಇಟ್ಟಿಗೆಯ ಸೇತುವೆ ಇದೆ, ಇವೆಲ್ಲದರ ನಡುವೆ ಒಂದು ಪುಟ್ಟ ನೀಲಿ ಇದೆ. ಹಕ್ಕಿ ಎಲ್ಲಿ ಬದುಕುತ್ತಿದೆ ಎಂದು ಆ ಚಿತ್ರ ಹೇಳುತ್ತದೆ. ಬಿಗಿಯಾದ ಕ್ರಾಪ್‌ಗೆ ಅದನ್ನು ಹೇಳಲು ಆಗುವುದಿಲ್ಲ.

ನಮ್ಮ ಇ-ಪತ್ರಿಕೆಯ ಮಕ್ಕಳ ಪುಟಕ್ಕೆ ಹಕ್ಕಿಯ ಚಿತ್ರ ಕಳಿಸುವಾಗ ಒಂದು ಕ್ರಮ ಇಟ್ಟುಕೊಳ್ಳೋಣ ಎಂಬುದು ನನ್ನ ಸಲಹೆ. ಎರಡು ಚಿತ್ರ ಕಳಿಸಿ: ಕತ್ತರಿಸದ ಮೂಲ ಒಂದು, ಕತ್ತರಿಸಿದ್ದು ಒಂದು. ಕತ್ತರಿಸಿದ್ದನ್ನು ಹಿಗ್ಗಿಸಬೇಡಿ, ಇದ್ದಷ್ಟೇ ಚುಕ್ಕಿಯಲ್ಲಿ ಕಳಿಸಿ. ಕೆಳಗೆ ಮೂರು ಸಾಲು ಬರೆಯಿರಿ: ಹಕ್ಕಿ ಎಷ್ಟು ದೂರವಿತ್ತೆಂದು ನಿಮ್ಮ ಅಂದಾಜು, ಹಕ್ಕಿಯ ಉದ್ದಕ್ಕೆ ಎಷ್ಟು ಚುಕ್ಕಿ, ಮತ್ತು ಆ ಚಿತ್ರದಿಂದ ನೀವು ಖಚಿತವಾಗಿ ಏನು ಹೇಳಬಲ್ಲಿರಿ. ಚುಕ್ಕಿ ಎಣಿಸಲು ಕಷ್ಟವಿಲ್ಲ. ಹಕ್ಕಿಯ ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸರಿಯಾಗಿ ಕತ್ತರಿಸಿ ಒಂದು ಪ್ರತಿ ಉಳಿಸಿ, ಫೈಲ್‌ನ ವಿವರದಲ್ಲಿ ಅಗಲ ಎಷ್ಟೆಂದು ನೋಡಿದರೆ ಅದೇ ಸಂಖ್ಯೆ.

ಮೂರನೆಯ ಸಾಲಿನಲ್ಲಿ "ಮಿಂಚುಳ್ಳಿ; ಗಂಡೋ ಹೆಣ್ಣೋ ಈ ಚಿತ್ರದಿಂದ ತಿಳಿಯದು" ಎಂದು ಬರೆದ ಮಗುವಿನ ಚಿತ್ರವನ್ನು ನಾನಾಗಿದ್ದರೆ ಪುಟದ ಮೇಲ್ಭಾಗದಲ್ಲಿ ಹಾಕುತ್ತೇನೆ.